ತೊಗೊಂಡಿದ್ದು, ತೊಗೊಳ್ಳೋದು, ತೊಗೊಳ್ಳೋಕೆ

ಹೀಗೊಂದು ಸನ್ನಿವೇಶ ಇಟ್ಟುಕೊಳ್ಳೋಣ. ಹಾಸನದ ಕಡೆಯ ಒಬ್ಬರು ನಿವೃತ್ತ ಮೇಷ್ಟ್ರು ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾರೆ. ಬಿಪಿ ಮಾತ್ರೆ ಹತ್ತು ವರ್ಷದಿಂದ ನಡೆದಿದೆ. ಅಲ್ಲಿನ ಕ್ಲಿನಿಕ್ಕಿನಲ್ಲಿ ನರ್ಸ್ ಕೇಳುತ್ತಾಳೆ, ಮಾತ್ರೆ ಸರಿಯಾಗಿ ತೊಗೊಳ್ತಾ ಇದ್ದೀರಾ ಅಂತ. ಇವರ ಮನಸ್ಸಿನಲ್ಲಿರೋದು ಸರಳವಾದ ಕನ್ನಡ: 'ಹೋದ ವಾರದಿಂದ ಮಾತ್ರೆ ತೊಗೊಳ್ಳೋದು ನಿಲ್ಲಿಸಿದೀನಿ.' ಬಾಯಿಂದ ಬರೋದು: 'ಐ ಸ್ಟಾಪ್ಡ್ ಟು ಟೇಕ್ ದ ಟ್ಯಾಬ್ಲೆಟ್.' ಪದಗಳೆಲ್ಲ ಸರಿಯಾಗಿವೆ, ಉಚ್ಚಾರಣೆ ಸ್ಪಷ್ಟ. ಆದರೆ ಆ ವಾಕ್ಯದ ಅರ್ಥ ಮಾತ್ರ 'ಮಾತ್ರೆ ತೊಗೊಳ್ಳೋಕೆ ಅಂತ ನಿಂತೆ' ಎಂದಾಗಿದೆ. ಅಂದರೆ ಮಾತ್ರೆ ಹೊಟ್ಟೆಗೆ ಹೋಗಿದೆ. ಹೇಳಬೇಕಾಗಿದ್ದದ್ದಕ್ಕೆ ಇದು ತದ್ವಿರುದ್ಧ. ಮಗಳು ಪಕ್ಕದಲ್ಲಿದ್ದರೆ ತಕ್ಷಣ ತಿದ್ದುತ್ತಾಳೆ, 'ಅಪ್ಪಾ, ಸ್ಟಾಪ್ಡ್ ಟೇಕಿಂಗ್ ಅನ್ನಿ.' ಅಪ್ಪ ತಿದ್ದಿಕೊಳ್ಳುತ್ತಾರೆ. ಆದರೆ ಯಾಕೆ 'ಟೇಕಿಂಗ್', ಯಾಕೆ 'ಟು ಟೇಕ್' ಅಲ್ಲ ಅನ್ನೋದು ಅವರಿಗೂ ಗೊತ್ತಾಗುವುದಿಲ್ಲ, ಎಷ್ಟೋ ಸಲ ತಿದ್ದಿದ ಮಗಳಿಗೂ ವಿವರಿಸಲು ಬರುವುದಿಲ್ಲ.

ಇಂಗ್ಲಿಷಿನಲ್ಲಿ ಕೆಲವು ಕ್ರಿಯಾಪದಗಳ ಮುಂದೆ ಇಂಗ್ ರೂಪ ಮಾತ್ರ ಬರುತ್ತದೆ; ಎಂಜಾಯ್, ಅವಾಯ್ಡ್, ಫಿನಿಶ್ ಆ ಜಾತಿಯವು. ಕೆಲವುದರ ಮುಂದೆ ಟು ಮಾತ್ರ. ವಾಂಟ್, ಡಿಸೈಡ್, ಹೋಪ್. ಇವನ್ನು ಬಾಯಿಪಾಠ ಮಾಡಿದರೆ ಮುಗಿಯಿತು, ತಪ್ಪಿದರೂ ಕೇಳಿದವರಿಗೆ ಅರ್ಥ ಆಗುತ್ತದೆ. ಸ್ಟಾರ್ಟ್, ಬಿಗಿನ್ ಮುಂದೆ ಎರಡೂ ನಡೆಯುತ್ತವೆ, ಅರ್ಥ ಬಹುತೇಕ ಒಂದೇ. ತೊಂದರೆ ಇರೋದು ರಿಮೆಂಬರ್, ಫರ್ಗೆಟ್, ಸ್ಟಾಪ್, ಟ್ರೈ, ರಿಗ್ರೆಟ್ ಎಂಬ ಸಣ್ಣ ಗುಂಪಿನಲ್ಲಿ. ಇಲ್ಲಿ ಎರಡು ರೂಪಗಳೂ ವ್ಯಾಕರಣದ ಪ್ರಕಾರ ಸರಿ, ಅರ್ಥ ಮಾತ್ರ ಬೇರೆ. ಹಾಗಾಗಿ ತಪ್ಪು ಮಾಡಿದವರಿಗೆ ತಪ್ಪಾಗಿದೆ ಅನ್ನೋ ಸುಳಿವೇ ಸಿಗುವುದಿಲ್ಲ. ಕಂಪ್ಯೂಟರ್ ಕೆಂಪು ಗೆರೆ ಎಳೆಯುವುದಿಲ್ಲ, ಕೇಳಿದವರು ಹುಬ್ಬೇರಿಸುವುದಿಲ್ಲ. ಹೇಳಿದ್ದು ಒಂದು, ತಲುಪಿದ್ದು ಇನ್ನೊಂದು, ಮಾತು ಮುಂದಕ್ಕೆ ಹೋಗಿಬಿಡುತ್ತದೆ.

ಈ ವ್ಯತ್ಯಾಸ ಕನ್ನಡದವರಿಗೆ ಹೊಸದೇನಲ್ಲ. ಈ ಐದು ಪದಗಳಲ್ಲಿ ಇಂಗ್ಲಿಷ್ ಮಾಡುವ ಭೇದವನ್ನು ನಾವು ದಿನಕ್ಕೆ ಹತ್ತು ಸಲ ಕನ್ನಡದಲ್ಲಿ ಮಾಡುತ್ತೇವೆ, ಅದೂ ಇಂಗ್ಲಿಷಿಗಿಂತ ಸ್ಪಷ್ಟವಾಗಿ. ಎಡವುತ್ತಿರುವುದು ಶಾಲೆಯಲ್ಲಿ ಕಲಿತ ಒಂದು ತಪ್ಪು ಸಮೀಕರಣದಿಂದ.

'ವುದು' ಅಂದರೆ ಇಂಗ್ ಎಂಬ ಪಾಠ

ಆ ಸಮೀಕರಣ ಹುಟ್ಟುವುದು ಬಹಳ ಮುಗ್ಧವಾಗಿ. 'ಸ್ವಿಮ್ಮಿಂಗ್ ಈಸ್ ಗುಡ್ ಎಕ್ಸರ್‌ಸೈಜ್' ಅಂದರೆ 'ಈಜುವುದು ಒಳ್ಳೆಯ ವ್ಯಾಯಾಮ'. 'ಐ ಲೈಕ್ ರೀಡಿಂಗ್' ಅಂದರೆ 'ನನಗೆ ಓದುವುದು ಇಷ್ಟ'. ಇಂಥ ನಾಲ್ಕಾರು ವಾಕ್ಯ ಆದಮೇಲೆ ಮಕ್ಕಳ ತಲೆಯಲ್ಲಿ ಎರಡು ಜೋಡಿ ಕೂತುಬಿಡುತ್ತವೆ: ವುದು ಎಂದರೆ ಇಂಗ್, ಅಲು ಎಂದರೆ ಟು. ನೂರಕ್ಕೆ ಎಷ್ಟೋ ಕಡೆ ಇದು ಕೆಲಸ ಮಾಡುತ್ತದೆ, ಆದ್ದರಿಂದಲೇ ಯಾರೂ ಅದನ್ನು ಅನುಮಾನಿಸುವುದಿಲ್ಲ.

ಈಗ 'ಬೀಗ ಹಾಕೋದು ನೆನಪಿರಲಿ' ಅನ್ನುವುದನ್ನು ಈ ಲೆಕ್ಕದಲ್ಲಿ ಇಂಗ್ಲಿಷಿಗೆ ಇಳಿಸಿ. ಹಾಕೋದು ಅಂದರೆ ಹಾಕುವುದು, ಹಾಗಾದರೆ ಇಂಗ್. 'ಪ್ಲೀಸ್ ರಿಮೆಂಬರ್ ಲಾಕಿಂಗ್ ದ ಡೋರ್.' ಆಫೀಸಿನ ವಾಟ್ಸ್ಯಾಪ್ ಗುಂಪುಗಳಲ್ಲಿ, ಅಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿನಲ್ಲಿ ಕಾಣಬಹುದಾದ ವಾಕ್ಯ. ಇದರ ನಿಜವಾದ ಅರ್ಥ 'ನೀವು ಹಿಂದೆ ಬೀಗ ಹಾಕಿದ್ದನ್ನು ದಯವಿಟ್ಟು ಸ್ಮರಿಸಿಕೊಳ್ಳಿ'. ಬೇಕಾಗಿದ್ದದ್ದು 'ರಿಮೆಂಬರ್ ಟು ಲಾಕ್'. 'ಹಾಲು ತರೋದು ಮರೆತೆ' ಕೂಡ ಇದೇ ದಾರಿ ಹಿಡಿದು 'ಐ ಫರ್ಗಾಟ್ ಬ್ರಿಂಗಿಂಗ್ ಮಿಲ್ಕ್' ಆಗುತ್ತದೆ. ಆಗಬೇಕಾಗಿದ್ದದ್ದು 'ಐ ಫರ್ಗಾಟ್ ಟು ಬ್ರಿಂಗ್ ಮಿಲ್ಕ್'.

ಕನ್ನಡದ ವುದು ಬಹಳ ವಿಶಾಲವಾದ ರೂಪ. ಆಗಿಹೋದದ್ದನ್ನು ಬಿಟ್ಟು ಉಳಿದ ಎಲ್ಲಕ್ಕೂ ಅದು ಒದಗುತ್ತದೆ. ನಿತ್ಯ ನಡೆಯುವ ಕೆಲಸಕ್ಕೂ ವುದು ('ದಿನಾ ಓಡೋದು ಒಳ್ಳೇದು'), ಇನ್ನು ಮುಂದೆ ಆಗಬೇಕಾದ ಕೆಲಸಕ್ಕೂ ವುದು ('ನಾಳೆ ಬ್ಯಾಂಕಿಗೆ ಹೋಗೋದಿದೆ'). ಇಂಗ್ಲಿಷ್ ಈ ಎರಡನ್ನು ಬೇರೆ ಬೇರೆ ಪಾತ್ರೆಯಲ್ಲಿ ಇಡುತ್ತದೆ. ಆದ್ದರಿಂದ ವುದು ಕಂಡ ತಕ್ಷಣ ಇಂಗ್ ಹಚ್ಚಿದರೆ ಅರ್ಧ ಸಲ ಸರಿ, ಅರ್ಧ ಸಲ ತಪ್ಪು. ನೋಡಬೇಕಾದ್ದು ವುದು ಇದೆಯೇ ಎಂದಲ್ಲ. ಆ ಜಾಗದಲ್ಲಿ ಕನ್ನಡ ತನ್ನ ಇನ್ನೊಂದು ರೂಪವಾದ 'ದ್ದು' ಬಳಸುತ್ತದೆಯೇ ಎಂದು. ಹಾಕೋದೋ, ಹಾಕಿದ್ದೋ? ತೊಗೊಳ್ಳೋದೋ, ತೊಗೊಂಡಿದ್ದೋ? ರಿಮೆಂಬರ್ ಮತ್ತು ಫರ್ಗೆಟ್ ಎರಡಕ್ಕೂ ಈ ಒಂದು ಪ್ರಶ್ನೆ ಸಾಕು. ದ್ದು ಬಂದರೆ ಇಂಗ್, ವುದು ಬಂದರೆ ಟು.

ಮಾತ್ರೆ ಹೊಟ್ಟೆಯಲ್ಲಿದೆಯೋ ಇಲ್ಲವೋ

ಮತ್ತೆ ಆ ಮಾತ್ರೆಯ ಹತ್ತಿರ ಬರೋಣ, ಯಾಕೆಂದರೆ ನಾಲ್ಕು ವಾಕ್ಯಗಳ ವ್ಯತ್ಯಾಸ ಅಲ್ಲಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದೆ. ಊಟ ಆದಮೇಲೆ ಮೇಷ್ಟ್ರ ಹೆಂಡತಿ ಕೇಳುತ್ತಾರೆ, 'ರೀ, ಮಾತ್ರೆ ತೊಗೊಂಡ್ರಾ?' ಇದಕ್ಕೆ ಮೇಷ್ಟ್ರು ಕೊಡಬಹುದಾದ ಉತ್ತರಗಳನ್ನು ಒಂದೊಂದಾಗಿ ನೋಡಿ.

'ತೊಗೊಂಡಿದ್ದು ನೆನಪಿದೆ' ಎಂದರೆ 'ಐ ರಿಮೆಂಬರ್ ಟೇಕಿಂಗ್ ಇಟ್'. ಮಾತ್ರೆ ಒಳಗೆ ಹೋಗಿದೆ, ಆ ಕ್ಷಣದ ಚಿತ್ರ ತಲೆಯಲ್ಲಿದೆ. ನೀರಿನ ಲೋಟ, ಹರಿದ ಪಟ್ಟಿ ಎಲ್ಲ. 'ಮರೀದೆ ತೊಗೊಂಡೆ' ಎಂದರೆ 'ಐ ರಿಮೆಂಬರ್ಡ್ ಟು ಟೇಕ್ ಇಟ್'. ಇಲ್ಲಿಯೂ ಮಾತ್ರೆ ಒಳಗೆ ಹೋಗಿದೆ, ಆದರೆ ಹೇಳುತ್ತಿರುವುದು ಬೇರೆ ವಿಷಯ: ಸರಿಯಾದ ಹೊತ್ತಿಗೆ ನೆನಪು ಬಂತು, ಕೆಲಸ ಆಯಿತು. ಈ ಎರಡರಲ್ಲೂ ಮಾತ್ರೆ ನುಂಗಿ ಆಗಿದೆ ಅನ್ನೋದನ್ನು ಗಮನಿಸಿ. 'ಇಂಗ್ ಅಂದರೆ ಭೂತಕಾಲ, ಟು ಅಂದರೆ ಭವಿಷ್ಯ' ಎಂದು ಕಲಿತವರು ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ. ನಿನ್ನೆಯದೇ ಮಾತು, ಆದರೂ 'ರಿಮೆಂಬರ್ಡ್ ಟು ಟೇಕ್' ಯಾಕೆ ಸರಿ? ಗಡಿಯಾರ ನೋಡಿದರೆ ಇದು ತಿಳಿಯುವುದಿಲ್ಲ, ಸಾಲು ನೋಡಬೇಕು. ನೆನಪು ಮತ್ತು ಕೆಲಸ, ಎರಡರಲ್ಲಿ ಯಾವುದು ಮೊದಲು? ಮೊದಲು ನೆನಪು ಬಂದು, ಆಮೇಲೆ ಕೆಲಸ ಆದರೆ ಟು. ಮೊದಲು ಕೆಲಸ ಆಗಿ, ಆಮೇಲೆ ಅದರ ನೆನಪು ಉಳಿದಿದ್ದರೆ ಇಂಗ್. ಎರಡೂ ನಿನ್ನೆ ನಡೆದಿರಬಹುದು, ಸಾಲು ಮಾತ್ರ ಬದಲಾಗುವುದಿಲ್ಲ.

ಈಗ 'ಇಲ್ಲ' ಸೇರಿಸಿ. ವ್ಯತ್ಯಾಸ ಬಯಲಿಗೆ ಬರುವುದು ಇಲ್ಲಿ. 'ತೊಗೊಳ್ಳೋದು ನೆನಪಾಗಲೇ ಇಲ್ಲ' ಎಂದರೆ 'ಐ ಡಿಡಂಟ್ ರಿಮೆಂಬರ್ ಟು ಟೇಕ್ ಇಟ್'. ಮಾತ್ರೆ ತೊಗೊಂಡಿಲ್ಲ, ಖಂಡಿತ. 'ಐ ಫರ್ಗಾಟ್ ಟು ಟೇಕ್ ಇಟ್' ಅಂದರೂ ಅದೇ. ಆದರೆ 'ತೊಗೊಂಡಿದ್ದು ನೆನಪಿಲ್ಲ' ಎಂದರೆ 'ಐ ಡೋಂಟ್ ರಿಮೆಂಬರ್ ಟೇಕಿಂಗ್ ಇಟ್'. ಇಲ್ಲಿ ಮಾತ್ರೆ ಹೊಟ್ಟೆಯಲ್ಲಿ ಇದ್ದರೂ ಇರಬಹುದು. ತೊಗೊಂಡು ಮರೆತಿರಬಹುದು, ತೊಗೊಳ್ಳದೆಯೂ ಇರಬಹುದು. ನೆನಪಿನಲ್ಲಿ ಚಿತ್ರ ಇಲ್ಲ ಅಷ್ಟೆ. ಕೇಳಿದವರು ಎರಡನೆಯದನ್ನು ಮೊದಲನೆಯದು ಅಂದುಕೊಂಡರೆ ಒಂದು ಮಾತ್ರೆಯ ಜಾಗದಲ್ಲಿ ಎರಡು ಆಗುತ್ತದೆ. ಹಾಗಾಗಿ ಈ ಎರಡು ವಾಕ್ಯಗಳನ್ನಾದರೂ ಮನೆಯ ಹಿರಿಯರಿಗೆ ಕನ್ನಡದ ಜೋಡಿಯೊಂದಿಗೇ ಹೇಳಿಕೊಡಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ತೊಗೊಂಡಿದ್ದು ನೆನಪಿಲ್ಲ, ಟೇಕಿಂಗ್. ತೊಗೊಳ್ಳೋದು ನೆನಪಾಗಲಿಲ್ಲ, ಟು ಟೇಕ್.

ಫರ್ಗೆಟ್ ಬಗ್ಗೆ ಎರಡು ಮಾತು ಪ್ರತ್ಯೇಕವಾಗಿ ಹೇಳಬೇಕು. ಒಂದು, 'ಫರ್ಗೆಟ್' ಜೊತೆ ಇಂಗ್ ರೂಪ ಅಪರೂಪ. ಅದು ಸಹಜವಾಗಿ ಬರುವುದು ಹೆಚ್ಚಾಗಿ 'ಐ ವಿಲ್ ನೆವರ್ ಫರ್ಗೆಟ್ ಸೀಯಿಂಗ್ ಜೋಗ್ ಫಾಲ್ಸ್' ಎಂಬಂಥ ವಾಕ್ಯಗಳಲ್ಲಿ: ಜೋಗ ನೋಡಿದ್ದನ್ನು ಯಾವತ್ತೂ ಮರೆಯೋಲ್ಲ. 'ಬೀಗ ಹಾಕಿದ್ದೇ ಮರೆತುಹೋಯ್ತು' ಅನ್ನಬೇಕಾದಾಗ 'ಐ ಫರ್ಗಾಟ್ ದಟ್ ಐ ಹ್ಯಾಡ್ ಲಾಕ್ಡ್ ಇಟ್' ಎಂದು ಬಿಡಿಸಿ ಹೇಳುವುದೇ ಮೇಲು, ಯಾಕೆಂದರೆ 'ಫರ್ಗಾಟ್ ಲಾಕಿಂಗ್' ಎಂದರೆ ಕೇಳುವವರು ಅದನ್ನು 'ಫರ್ಗಾಟ್ ಟು ಲಾಕ್' ಅಂತಲೇ ತಿಳಿದುಕೊಳ್ಳುವ ಸಂಭವ ಹೆಚ್ಚು. ಎರಡು, ಕನ್ನಡದ 'ಮರೆತೆ'ಗೆ ಮೂರನೆಯದೊಂದು ಅರ್ಥ ಇದೆ. 'ಈಜೋದು ಮರೆತುಹೋಗಿದೆ' ಅಂದರೆ ಈಜುವ ವಿದ್ಯೆ ಮರೆತಿದೆ. ಇದಕ್ಕೆ 'ಫರ್ಗಾಟನ್ ಟು ಸ್ವಿಮ್' ಆಗುವುದಿಲ್ಲ, 'ಫರ್ಗಾಟನ್ ಸ್ವಿಮ್ಮಿಂಗ್' ಕೂಡ ಆಗುವುದಿಲ್ಲ. 'ಐ ಹ್ಯಾವ್ ಫರ್ಗಾಟನ್ ಹೌ ಟು ಸ್ವಿಮ್'. ಹೇಗೆ ಎಂಬುದು ಕನ್ನಡದಲ್ಲಿ ಬಾಯಿಬಿಟ್ಟು ಬರುವುದಿಲ್ಲ, ಇಂಗ್ಲಿಷಿನಲ್ಲಿ ಬರಲೇಬೇಕು.

ಹಾಗೆಯೇ 'ನೆನಪಿಸು' ಎಂಬುದನ್ನು ರಿಮೆಂಬರ್ ಮಾಡಬಾರದು. 'ನಾಳೆ ಫೋನ್ ಮಾಡೋಕೆ ನೆನಪಿಸಿ' ಎಂದರೆ 'ರಿಮೈಂಡ್ ಮಿ ಟು ಕಾಲ್'. 'ರಿಮೆಂಬರ್ ಮಿ ಟು ಕಾಲ್' ಎಂಬ ಮಾತೇ ಇಲ್ಲ.

ನಮ್ಮ 'ಕ್ಕೆ', ಅವರ 'ಟು'

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಯಾಕೆಂದರೆ ಇದು ಗೊತ್ತಾದರೆ ಉಳಿದ ಮೂರು ಪದಗಳು ಹಗುರಾಗುತ್ತವೆ. ಇಂಗ್ಲಿಷಿನ ಈ ಟು ಮೊದಲಿಗೆ 'ಮೈಸೂರಿಗೆ' ಅನ್ನುವಾಗ ಬರುವ 'ಗೆ'ಯಂಥದ್ದೇ ಪದ. ಸಾವಿರ ವರ್ಷಕ್ಕೂ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಟು ಎಂಬ ಉಪಸರ್ಗದ ಮುಂದೆ ಕ್ರಿಯೆಯ ನಾಮರೂಪ ಬರುತ್ತಿತ್ತು, ಅದೂ ನಾವು ಚತುರ್ಥೀ ಎಂದು ಕರೆಯುವಂಥ ವಿಭಕ್ತಿ ಹಚ್ಚಿಕೊಂಡು. ಕೆಲಸದ ಕಡೆಗೆ ಮುಖ ಮಾಡಿದ, ಆ ಕೆಲಸಕ್ಕಾಗಿ ಹೊರಟ, ಅಂಥ ಭಾವ. ಕಾಲಕ್ರಮದಲ್ಲಿ ಆ ವಿಭಕ್ತಿ ಪ್ರತ್ಯಯ ಸವೆದು ಹೋಯಿತು, ಟು ಉಳಿಯಿತು.

ನಮ್ಮ 'ಮಾಡೋಕೆ' ಬಿಡಿಸಿ ನೋಡಿ. ಮಾಡುವುದಕ್ಕೆ. ಕ್ರಿಯೆಯ ನಾಮರೂಪ, ಅದರ ಮೇಲೆ ಚತುರ್ಥಿಯ ಕ್ಕೆ. ಕರಾವಳಿಯವರ 'ಮಾಡ್ಲಿಕ್ಕೆ'ಯಲ್ಲೂ ಅದೇ ಕ್ಕೆ, ಉತ್ತರ ಕರ್ನಾಟಕದ 'ಮಾಡಾಕ' ಕೂಡ ಅದರದೇ ಸವೆದ ರೂಪ. ಎರಡು ಭಾಷೆಗಳಿಗೂ ಸಂಬಂಧ ಇಲ್ಲ, ಆದರೂ ಗುರಿಯ ಕಡೆಗೆ ಮುಖ ಮಾಡಿದ ಕೆಲಸವನ್ನು ಹೇಳಲು ಎರಡೂ ಒಂದೇ ಉಪಾಯ ಹುಡುಕಿಕೊಂಡಿವೆ. ಟು ಕಂಡಲ್ಲೆಲ್ಲ ಒಳಗೆ ಒಂದು ಬಾಣದ ಗುರುತು ಇದೆ ಎಂದುಕೊಳ್ಳಬಹುದು: ಇನ್ನೂ ತಲುಪದ ಕೆಲಸದ ಕಡೆಗೆ. ಇಂಗ್ ರೂಪದಲ್ಲಿ ಆ ಬಾಣ ಇಲ್ಲ. ಕೆಲಸ ಅಲ್ಲೇ ಒಂದು ವಸ್ತುವಿನ ಹಾಗೆ ಕೂತಿದೆ. ಅದನ್ನು ನೆನೆಯಬಹುದು, ನಿಲ್ಲಿಸಬಹುದು, ಪ್ರಯೋಗಿಸಿ ನೋಡಬಹುದು.

ನಿಂತನೋ, ನಿಲ್ಲಿಸಿದನೋ

ಸ್ಟಾಪ್ ವಿಷಯದಲ್ಲಿ ಕನ್ನಡ ನಮಗೆ ಇನ್ನೂ ದೊಡ್ಡ ಸಹಾಯ ಮಾಡುತ್ತದೆ, ಯಾಕೆಂದರೆ ಇಂಗ್ಲಿಷಿನ ಒಂದು ಪದಕ್ಕೆ ನಮ್ಮಲ್ಲಿ ಎರಡಿವೆ. 'ಸಿಗರೇಟ್ ಸೇದೋದು ನಿಲ್ಲಿಸಿದ' ಮತ್ತು 'ಸಿಗರೇಟ್ ಸೇದೋಕೆ ನಿಂತ' ಇವೆರಡನ್ನು ಯಾವ ಕನ್ನಡಿಗನೂ ಅದಲುಬದಲು ಮಾಡುವುದಿಲ್ಲ. ಒಬ್ಬ ಚಟ ಬಿಟ್ಟಿದ್ದಾನೆ, ಇನ್ನೊಬ್ಬ ಪೆಟ್ಟಿಗೆ ಅಂಗಡಿ ಮುಂದೆ ಕಡ್ಡಿ ಗೀರುತ್ತಿದ್ದಾನೆ. ನಿಲ್ಲಿಸು ಬಂದರೆ 'ಸ್ಟಾಪ್ಡ್ ಸ್ಮೋಕಿಂಗ್', ನಿಲ್ಲು ಬಂದರೆ 'ಸ್ಟಾಪ್ಡ್ ಟು ಸ್ಮೋಕ್'. ಮೇಲೆ ಹೇಳಿದ ವುದು ಇಲ್ಲಿ ಇಂಗ್ ಕಡೆಗೆ ಹೋಗುತ್ತದೆ. ರಿಮೆಂಬರ್ ಮುಂದೆ ಟು ಆಗುವ ವುದು ಸ್ಟಾಪ್ ಮುಂದೆ ಇಂಗ್ ಆಗುತ್ತದೆ. ಒಂದೇ ಸಮೀಕರಣ ಹಿಡಿದು ಎರಡೂ ಕಡೆ ಹೋದವರು ಒಂದು ಕಡೆ ಖಂಡಿತ ಎಡವುತ್ತಾರೆ ಎನ್ನುವುದಕ್ಕೆ ಇದೇ ಸಾಕ್ಷಿ.

ಹಾಗಾದರೆ ಮೇಷ್ಟ್ರು ಯಾಕೆ 'ಸ್ಟಾಪ್ಡ್ ಟು ಟೇಕ್' ಅಂದರು? ವುದು ಹಿಡಿದಿದ್ದರೆ ಇಂಗ್ ಬರಬೇಕಿತ್ತಲ್ಲ? ಇದು ಇನ್ನೊಂದು ಅಭ್ಯಾಸದಿಂದ ಬಂದ ತಪ್ಪು. ವಾಂಟ್ ಟು, ನೀಡ್ ಟು, ಸ್ಟಾರ್ಟೆಡ್ ಟು ಎಂದು ವರ್ಷಗಟ್ಟಲೆ ಹೇಳಿದ ನಾಲಿಗೆ ಕ್ರಿಯಾಪದವಾದ ಮೇಲೆ ಟು ಎಂದು ತಾನೇ ಹೊರಳಿಬಿಡುತ್ತದೆ. ಅದರಲ್ಲೂ 'ಸ್ಟಾರ್ಟೆಡ್ ಟು ಟೇಕ್' ಸರಿಯಾಗಿರುವುದರಿಂದ, ಅದರ ವಿರುದ್ಧ ಪದಕ್ಕೂ ಅದೇ ಅಚ್ಚು ಹೊಂದುತ್ತದೆ ಎಂದು ಅನ್ನಿಸುವುದು ಸಹಜ. ಶುರು ಮಾಡಿದ್ದಕ್ಕೆ ಎರಡೂ ನಡೆಯುತ್ತವೆ, ನಿಲ್ಲಿಸಿದ್ದಕ್ಕೆ ಒಂದೇ.

ಅನುಮಾನ ಬಂದಾಗ ಒಂದು ಪರೀಕ್ಷೆ ಮಾಡಬಹುದು. ಸ್ಟಾಪ್ ಆದಮೇಲೆ ಒಂದು ಊರಿನ ಹೆಸರು ಸೇರಿಸಿ ನೋಡಿ. 'ವಿ ಸ್ಟಾಪ್ಡ್ ಅಟ್ ಕುಣಿಗಲ್ ಟು ಡ್ರಿಂಕ್ ಕಾಫಿ.' ಬೆಂಗಳೂರಿಂದ ಹಾಸನಕ್ಕೆ ಹೋಗುವಾಗ ಕಾಫಿ ಕುಡಿಯೋಕೆ ಕುಣಿಗಲ್‌ನಲ್ಲಿ ನಿಂತೆವು. ವಾಕ್ಯ ಸರಾಗ. ಯಾಕೆಂದರೆ ಟು ಡ್ರಿಂಕ್ ಎಂಬುದು ಸ್ಟಾಪ್‌ಗೆ ಅಂಟಿಕೊಂಡಿಲ್ಲ. ನಿಲ್ಲುವುದು ಒಂದು ಕೆಲಸ, ಕುಡಿಯುವುದು ಅದರ ಉದ್ದೇಶ, ನಡುವೆ ಊರು, ಹೊತ್ತು ಏನು ಬೇಕಾದರೂ ಕೂರಬಹುದು. 'ವಿ ಸ್ಟಾಪ್ಡ್ ಡ್ರಿಂಕಿಂಗ್ ಕಾಫಿ'ಯಲ್ಲಿ ಸ್ಟಾಪ್ಡ್ ಮತ್ತು ಡ್ರಿಂಕಿಂಗ್ ನಡುವೆ ಕುಣಿಗಲ್ ತುರುಕಲು ಆಗುವುದಿಲ್ಲ. ಡ್ರಿಂಕಿಂಗ್ ಇಲ್ಲಿ ಕರ್ಮ. ನಿಲ್ಲಿಸಿದ್ದು ಏನನ್ನು ಎಂಬ ಪ್ರಶ್ನೆಗೆ ಉತ್ತರ ಅದು. 'ಐ ಸ್ಟಾಪ್ಡ್ ಟು ಟೇಕ್ ದ ಟ್ಯಾಬ್ಲೆಟ್' ಎಂಬ ವಾಕ್ಯದಲ್ಲಿ ಸ್ಟಾಪ್ಡ್ ಆದಮೇಲೆ 'ಅಟ್ ಕುಣಿಗಲ್' ಸೇರಿಸಿದರೂ ವಾಕ್ಯ ಮುರಿಯುವುದಿಲ್ಲ. ಬಸ್ಸಿಳಿದು ಮಾತ್ರೆ ನುಂಗಿದ ಮನುಷ್ಯ ಕಣ್ಣ ಮುಂದೆ ಬರುತ್ತಾನೆ. ಅಲ್ಲಿಗೆ ತಪ್ಪು ಎಲ್ಲಿದೆ ಎಂದು ಗೊತ್ತಾಯಿತು.

ತರಗತಿಯಲ್ಲಿ 'ಮಾತಾಡೋದು ನಿಲ್ಲಿಸಿ' ಅನ್ನಲು 'ಸ್ಟಾಪ್ ಟು ಟಾಕ್' ಅಂದರೂ ಇದೇ ಗತಿ: ಮಾತಾಡೋಕೆ ನಿಲ್ಲಿ ಎಂದು ಮಕ್ಕಳಿಗೆ ಅಪ್ಪಣೆ ಕೊಟ್ಟಂತೆ.

ಮಾಡಿ ನೋಡಿದೆ, ಮಾಡೋಕೆ ನೋಡಿದೆ

ಟ್ರೈ ನನಗೆ ಈ ಗುಂಪಿನಲ್ಲಿ ಬಹಳ ಇಷ್ಟವಾದ ಪದ, ಯಾಕೆಂದರೆ ಇಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎದುರುಬದುರು ನಿಂತ ಕನ್ನಡಿಯ ಹಾಗಿವೆ. ನಮ್ಮ 'ನೋಡು' ಕಣ್ಣಿನ ಕೆಲಸ ಬಿಟ್ಟು ಪ್ರಯತ್ನದ ಅರ್ಥಕ್ಕೆ ಬಂದಾಗ ಎರಡು ರೀತಿ ಜೋಡಿಯಾಗುತ್ತದೆ. 'ಕಿಟಕಿ ತೆಗೆಯೋಕೆ ನೋಡಿದೆ', ಬರಲಿಲ್ಲ, ಮಳೆಗೆ ಮರ ಉಬ್ಬಿ ಕಚ್ಚಿಕೊಂಡಿತ್ತು. 'ಕಿಟಕಿ ತೆಗೆದು ನೋಡಿದೆ', ಆದರೂ ಸೆಕೆ ಕಡಿಮೆ ಆಗಲಿಲ್ಲ. ಮೊದಲನೆಯದರಲ್ಲಿ ಕಿಟಕಿ ಮುಚ್ಚೇ ಇದೆ. ಎರಡನೆಯದರಲ್ಲಿ ತೆರೆದಿದೆ, ಫಲ ಸಿಕ್ಕಿಲ್ಲ. ಇಂಗ್ಲಿಷಿನಲ್ಲಿ 'ಐ ಟ್ರೈಡ್ ಟು ಓಪನ್ ದ ವಿಂಡೋ' ಮತ್ತು 'ಐ ಟ್ರೈಡ್ ಓಪನಿಂಗ್ ದ ವಿಂಡೋ'. ಪದ ಒಂದೇ, ಮುಂದಿನ ರೂಪ ಮಾತ್ರ ಬೇರೆ, ಎರಡು ಭಾಷೆಯಲ್ಲೂ. 'ಮಾಡೋಕೆ ನೋಡು' ಬಂದರೆ ಟು, 'ಮಾಡಿ ನೋಡು' ಬಂದರೆ ಇಂಗ್.

ಇದು ನಿಜವಾಗಿ ತೊಂದರೆ ಕೊಡುವುದು ಕೆಲಸದ ಮೇಲ್‌ಗಳಲ್ಲಿ. ಮನೆಯಲ್ಲಿ ಕೂತು ಕೆಲಸ ಮಾಡುವ ಒಬ್ಬರ ಇಂಟರ್ನೆಟ್ ನಿಂತಿದೆ. ಅವರು ರೂಟರ್ ಆಫ್ ಮಾಡಿ ಮತ್ತೆ ಆನ್ ಮಾಡಿದ್ದಾರೆ, ಕೇಬಲ್ ಬದಲಾಯಿಸಿದ್ದಾರೆ, ಪಾಸ್‌ವರ್ಡ್ ಬದಲಾಯಿಸಲು ಹೋದರೆ ಆ ಪುಟವೇ ತೆರೆಯುತ್ತಿಲ್ಲ. ಮೂರೂ ಸೇರಿಸಿ ಹೀಗೆ ಬರೆಯುತ್ತಾರೆ: 'ಐ ಟ್ರೈಡ್ ಟು ರೀಸ್ಟಾರ್ಟ್ ದ ರೂಟರ್, ಟ್ರೈಡ್ ಟು ಚೇಂಜ್ ದ ಕೇಬಲ್ ಅಂಡ್ ಟ್ರೈಡ್ ಟು ಚೇಂಜ್ ದ ಪಾಸ್‌ವರ್ಡ್.' ಓದಿದ ಸಪೋರ್ಟ್‌ನವರಿಗೆ ಮೂರೂ ಪ್ರಯತ್ನದ ಹಂತದಲ್ಲೇ ನಿಂತಂತೆ ಕಾಣುತ್ತದೆ. ಉತ್ತರ ಬರುತ್ತದೆ: ರೀಸ್ಟಾರ್ಟ್ ಮಾಡುವಾಗ ಏನು ತೊಂದರೆ ಆಯಿತು? ಪವರ್ ಬಟನ್ ಎಲ್ಲಿದೆ ಅಂದರೆ... ಇವರಿಗೆ ಸಿಟ್ಟು, 'ಮಾಡಿ ನೋಡಿದೆ ಅಂತ ಬರೆದಿದ್ದೀನಲ್ಲ!' ಬರೆದಿಲ್ಲ. ಮನಸ್ಸಿನಲ್ಲಿದ್ದದ್ದು 'ರೀಸ್ಟಾರ್ಟ್ ಮಾಡಿ ನೋಡಿದೆ, ಕೇಬಲ್ ಬದಲಾಯಿಸಿ ನೋಡಿದೆ, ಪಾಸ್‌ವರ್ಡ್ ಬದಲಾಯಿಸೋಕೆ ನೋಡಿದೆ'. ಅದನ್ನು ಹಾಗೇ ಇಳಿಸಿದರೆ: 'ಐ ಟ್ರೈಡ್ ರೀಸ್ಟಾರ್ಟಿಂಗ್ ದ ರೂಟರ್ ಅಂಡ್ ಚೇಂಜಿಂಗ್ ದ ಕೇಬಲ್, ಬಟ್ ಇಟ್ ಡಿಡಂಟ್ ಹೆಲ್ಪ್. ಐ ಆಲ್ಸೋ ಟ್ರೈಡ್ ಟು ಚೇಂಜ್ ದ ಪಾಸ್‌ವರ್ಡ್, ಬಟ್ ದ ಪೇಜ್ ವುಡಂಟ್ ಓಪನ್.' ಮೊದಲ ಎರಡು ಆಗಿವೆ, ಉಪಯೋಗ ಆಗಿಲ್ಲ. ಮೂರನೆಯದು ಆಗೇ ಇಲ್ಲ. ಸಪೋರ್ಟ್‌ನವರು ನೇರವಾಗಿ ಆ ಪುಟದ ವಿಷಯಕ್ಕೆ ಬರಬಹುದು, ಎರಡು ಸುತ್ತಿನ ಮೇಲ್ ಉಳಿಯಿತು.

ಇಲ್ಲೊಂದು ಮಿತಿ ಹೇಳಲೇಬೇಕು. ಟ್ರೈ ಟು ಅನ್ನು ಇಂಗ್ಲಿಷ್ ಮನೆಮಾತಿನವರೂ ಸಡಿಲವಾಗಿ ಬಳಸುತ್ತಾರೆ, ಮಾಡಿ ನೋಡಿದ್ದಕ್ಕೂ ಕೆಲವೊಮ್ಮೆ ಟ್ರೈಡ್ ಟು ಅಂದುಬಿಡುತ್ತಾರೆ. ಆದರೆ ಉಲ್ಟಾ ದಾರಿ ಅಷ್ಟು ಸಡಿಲ ಇಲ್ಲ. 'ಟ್ರೈಡ್ ರೀಸ್ಟಾರ್ಟಿಂಗ್' ಅಂದರೆ ಸಾಮಾನ್ಯವಾಗಿ ರೀಸ್ಟಾರ್ಟ್ ಆಗಿದೆ ಎಂದೇ ಲೆಕ್ಕ. ಹಾಗಾಗಿ ಕೆಲಸ ಆಗಿದೆ, ಫಲ ಸಿಗಲಿಲ್ಲ ಎಂದು ಹೇಳಬೇಕಾದಲ್ಲಿ ಇಂಗ್ ಹಿಡಿಯುವುದು ಭದ್ರ. ಸಲಹೆ ಕೊಡುವಾಗಲೂ ಹಾಗೆ: 'ಟ್ರೈ ಡ್ರಿಂಕಿಂಗ್ ಜೀರಾ ವಾಟರ್' ಎಂದರೆ ಜೀರಿಗೆ ನೀರು ಕುಡಿದು ನೋಡಿ. 'ಟ್ರೈ ಟು ಡ್ರಿಂಕ್' ಎಂದರೆ ಗಂಟಲಲ್ಲಿ ಇಳಿಯುವುದೇ ಕಷ್ಟ, ಆದರೂ ಕುಡಿಯೋಕೆ ನೋಡಿ ಎಂದು ಕಾಯಿಲೆಯವರಿಗೆ ಹೇಳುವ ಮಾತಿನಂತೆ ಕೇಳುತ್ತದೆ. 'ನಾಳೆ ಬೇಗ ಬರೋಕೆ ಪ್ರಯತ್ನ ಮಾಡ್ತೀನಿ' ಅನ್ನುವಲ್ಲಿ ಮಾತ್ರ ಟು ಬಿಟ್ಟರೆ ಗತಿ ಇಲ್ಲ. ಬೇಗ ಬಂದು ನೋಡ್ತೀನಿ, ಏನಾಗುತ್ತೋ ಎಂಬುದು ಬೇರೆಯೇ ಮಾತು.

ತಿಳಿಸಲು ವಿಷಾದ, ತಿಳಿಸಿದ್ದಕ್ಕೆ ವಿಷಾದ

ರಿಗ್ರೆಟ್‌ಗೆ ಹೆಚ್ಚು ಜಾಗ ಬೇಕಿಲ್ಲ. ಅದರ ಟು ರೂಪ ಬಹಳ ಕಿರಿದಾದ ಓಣಿಯಲ್ಲಿ ಓಡಾಡುತ್ತದೆ: ರಿಗ್ರೆಟ್ ಟು ಇನ್‌ಫಾರ್ಮ್, ರಿಗ್ರೆಟ್ ಟು ಸೇ, ರಿಗ್ರೆಟ್ ಟು ಟೆಲ್, ರಿಗ್ರೆಟ್ ಟು ಅನೌನ್ಸ್. ಹೆಚ್ಚುಕಡಿಮೆ ಎಲ್ಲವೂ ತಿಳಿಸುವ ಕ್ರಿಯೆಗಳು. ಕೆಟ್ಟ ಸುದ್ದಿ ಹೇಳುವ ಮೊದಲು ಬಾಗಿಲಲ್ಲಿ ನಿಂತು ಕೆಮ್ಮಿದ ಹಾಗೆ. ಸುದ್ದಿ ಇನ್ನೂ ಬರಬೇಕು, ಆದ್ದರಿಂದ ಟು. ನಮ್ಮ ಕಚೇರಿ ಕನ್ನಡದ 'ತಿಳಿಸಲು ವಿಷಾದಿಸುತ್ತೇವೆ' ಇದೇ. ಉಳಿದ ಎಲ್ಲ ಪಶ್ಚಾತ್ತಾಪಕ್ಕೂ ಇಂಗ್: 'ಐ ರಿಗ್ರೆಟ್ ಸೆಲ್ಲಿಂಗ್ ದ ಸೈಟ್', ಸೈಟ್ ಮಾರಿದ್ದಕ್ಕೆ ಈಗ ಹೊಟ್ಟೆ ಉರಿಯುತ್ತದೆ. 'ವಿ ರಿಗ್ರೆಟ್ ಇನ್‌ಫಾರ್ಮಿಂಗ್ ಯೂ' ಎಂದು ಯಾರಾದರೂ ಪತ್ರ ಬರೆದರೆ ಅದರ ಅರ್ಥ 'ನಿಮಗೆ ಆವತ್ತು ತಿಳಿಸಿದ್ದೇ ತಪ್ಪಾಯಿತು' ಎಂದು. ಅರ್ಜಿ ತಿರಸ್ಕರಿಸುವ ಪತ್ರದಲ್ಲಿ ಇದು ಬಂದರೆ ಓದಿದವರಿಗೆ ಏನು ಅನ್ನಿಸಬೇಡ.

ಇಲ್ಲಿ ಕ್ಕೆ ಹಿಡಿದು ಹೋಗುವವರು ಎಚ್ಚರ ಇರಬೇಕು. 'ಮಾರಿದ್ದಕ್ಕೆ' ಎಂಬಲ್ಲೂ ಕೊನೆಗೆ ಕ್ಕೆ ಇದೆ, ಹಾಗೆಂದು ಟು ಹಾಕಬಾರದು. ಅದರ ಹಿಂದಿರುವ ದ್ದು ಮುಖ್ಯ. ಮಾರಿದ್ದು ಆಗಿಹೋಗಿದೆ; ಕ್ಕೆ ಬಂದಿರುವುದು ಹೊಟ್ಟೆ ಉರಿಯ ಕಾರಣ ಹೇಳಲು, ಗುರಿ ಹೇಳಲು ಅಲ್ಲ. 'ಮಾರೋದಕ್ಕೆ' ಮತ್ತು 'ಮಾರಿದ್ದಕ್ಕೆ', ಈ ಎರಡನ್ನು ಒಮ್ಮೆ ಬಾಯಲ್ಲಿ ಹೇಳಿ ನೋಡಿದರೆ ಕಿವಿಗೇ ತಿಳಿಯುತ್ತದೆ. ಮಾಡದೇ ಉಳಿದದ್ದಕ್ಕೂ ಇದೇ ದಾರಿ: 'ಚಿಕ್ಕವಯಸ್ಸಿನಲ್ಲಿ ಸಂಗೀತ ಕಲೀದೇ ಇದ್ದದ್ದಕ್ಕೆ ಬೇಜಾರು' ಎಂದರೆ 'ಐ ರಿಗ್ರೆಟ್ ನಾಟ್ ಲರ್ನಿಂಗ್ ಮ್ಯೂಸಿಕ್'. ನಾಟ್ ಇಂಗ್‌ನ ಮುಂಚೆ ಬರುತ್ತದೆ, ಅಷ್ಟೆ ನೆನಪಿಡಬೇಕಾದ್ದು.

ಮದುವೆ ಕರೆಗೆ ಉತ್ತರವಾಗಿ 'ಐ ರಿಗ್ರೆಟ್ ಟು ಮಿಸ್ ಯುವರ್ ಫಂಕ್ಷನ್' ಎಂದು ಬರೆದುಬಿಡಬಹುದು. ಮಿಸ್ ತಿಳಿಸುವ ಕ್ರಿಯೆ ಅಲ್ಲ, ಆದ್ದರಿಂದ ಓಣಿಯೊಳಗೆ ಹಿಡಿಸುವುದಿಲ್ಲ. ಫಂಕ್ಷನ್ ಮುಗಿದಿದ್ದರೆ 'ಐ ರಿಗ್ರೆಟ್ ಮಿಸ್ಸಿಂಗ್ ಇಟ್'. ಇನ್ನೂ ಬರಬೇಕಿದ್ದರೆ ರಿಗ್ರೆಟ್ ಬಿಟ್ಟು 'ಐ ಆ್ಯಮ್ ಸಾರಿ, ಐ ವೋಂಟ್ ಬಿ ಏಬಲ್ ಟು ಕಮ್' ಎಂದು ನೇರವಾಗಿ ಬರೆಯುವುದು ಚೆನ್ನ. ಅದರಲ್ಲಿ ಮನುಷ್ಯರ ಧ್ವನಿಯೂ ಇದೆ.

ಕನ್ನಡದಲ್ಲೇ ಒಮ್ಮೆ ಹೇಳಿಕೊಳ್ಳುವುದು

ಇಂಗ್ಲಿಷ್ ಮಾತಾಡುವಾಗ ಕನ್ನಡದಲ್ಲಿ ಯೋಚಿಸಬೇಡಿ ಎಂದು ಹೇಳುವ ಪದ್ಧತಿ ಇದೆ. ಈ ಐದು ಪದಗಳ ಮಟ್ಟಿಗೆ ನಾನು ಅದನ್ನು ಒಪ್ಪುವುದಿಲ್ಲ. ಬರೆಯುವಾಗ ಸಮಯ ಇರುತ್ತದೆ, ವಾಕ್ಯವನ್ನು ಒಮ್ಮೆ ಪುಸ್ತಕದ ಕನ್ನಡದಲ್ಲಲ್ಲ, ಮನೆಯಲ್ಲಿ ಆಡುವ ಕನ್ನಡದಲ್ಲಿ ಹೇಳಿಕೊಳ್ಳಿ. ಪುಸ್ತಕದ ಕನ್ನಡದಲ್ಲಿ 'ಪ್ರಯತ್ನಿಸಿದೆನು' ಎಂಬ ಒಂದೇ ಪದಕ್ಕೆ ಮಾಡಿ ನೋಡಿದ್ದೂ ಮಾಡೋಕೆ ನೋಡಿದ್ದೂ ಎರಡೂ ಸೇರಿಹೋಗುತ್ತವೆ, 'ಸ್ಥಗಿತಗೊಳಿಸು' ಎಂದಾಗ ನಿಂತದ್ದು ಕಾಣುವುದೇ ಇಲ್ಲ. ಆಡುಮಾತಿನಲ್ಲಿ ಆ ಗೆರೆ ಅಳಿಸಿಲ್ಲ.

ಆ ಮೇಷ್ಟ್ರ ಮಾತನ್ನೇ ತೊಗೊಳ್ಳಿ. ಅವರು ನರ್ಸಿಗೆ ಹೇಳಬೇಕಾಗಿದ್ದದ್ದು ಇಷ್ಟು: ಹೋದ ವಾರದಿಂದ ಮಾತ್ರೆ ತೊಗೊಳ್ಳೋದು ನಿಲ್ಲಿಸಿದೀನಿ, ತಲೆ ಸುತ್ತುತ್ತಿತ್ತು. ಅದಕ್ಕೆ ಮೊದಲು ರಾತ್ರಿ ಹೊತ್ತು ತೊಗೊಂಡು ನೋಡಿದೆ, ಏನೂ ಉಪಯೋಗ ಆಗಲಿಲ್ಲ. ಎರಡು ದಿನ ತೊಗೊಳ್ಳೋದೇ ಮರೆತಿದ್ದೆ. ಇಂಗ್ಲಿಷಿನಲ್ಲಿ: 'ಐ ಸ್ಟಾಪ್ಡ್ ಟೇಕಿಂಗ್ ಇಟ್ ಲಾಸ್ಟ್ ವೀಕ್ ಬಿಕಾಸ್ ಐ ವಾಸ್ ಡಿಜ್ಜಿ. ಬಿಫೋರ್ ದಟ್, ಐ ಟ್ರೈಡ್ ಟೇಕಿಂಗ್ ಇಟ್ ಅಟ್ ನೈಟ್, ಬಟ್ ಇಟ್ ಡಿಡಂಟ್ ಹೆಲ್ಪ್. ಆನ್ ಟೂ ಡೇಸ್ ಐ ಫರ್ಗಾಟ್ ಟು ಟೇಕ್ ಇಟ್.' ಮೊದಲ ಎರಡರಲ್ಲಿ ಟೇಕಿಂಗ್, ಕೊನೆಯದರಲ್ಲಿ ಟು ಟೇಕ್. ನರ್ಸ್ ಮುಂದಿನ ಪ್ರಶ್ನೆ ಕೇಳುತ್ತಾಳೆ: ಆ ಎರಡು ದಿನ ಯಾವಾಗ?